ಆಲೆಮನೆಯ ಲೆಕ್ಕವನ್ನು ಡೆವಲಪರ್‌ಗಳಿಗೆ ಬರೆದುಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಆಲೆಮನೆ, ಅಕ್ಕಿ ಗಿರಣಿ ಮತ್ತು ಗೊಬ್ಬರದ ಅಂಗಡಿಗಳವರು ಸಾಫ್ಟ್‌ವೇರ್ ಮಾಡಿಸಲು ಮೈಸೂರಿನ ತಂಡಗಳ ಬಳಿಗೆ ಹೋದಾಗ, ಮೊದಲು ಕೇಳಿಬರುವ ಮಾತು "ಒಂದು ಪಿಆರ್‌ಡಿ ಬರೆದುಕೊಡಿ" ಎಂಬುದು. ಪಿಆರ್‌ಡಿ ಎಂದರೆ ಪ್ರಾಡಕ್ಟ್ ರಿಕ್ವೈರ್‌ಮೆಂಟ್ಸ್ ಡಾಕ್ಯುಮೆಂಟ್, ಅಂದರೆ ನಮಗೆ ಬೇಕಾದ ಸಾಫ್ಟ್‌ವೇರ್ ಏನು ಮಾಡಬೇಕು ಎಂಬುದರ ದಾಖಲೆ. ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಸಂಗತಿಯನ್ನು ಇಟ್ಟುಕೊಂಡಿದ್ದೇನೆ: ಪಾಂಡವಪುರದ ಕಡೆ ಎರಡು ಆಲೆಮನೆ ನಡೆಸುವ ಯಜಮಾನರೊಬ್ಬರು, ರೈತರಿಂದ ಕಬ್ಬು ಕೊಂಡು ಹಣ ಬಟವಾಡೆ ಮಾಡುವ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತರಲು ಬಯಸಿದ್ದಾರೆ. ಇಲ್ಲಿನ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು, ಪೇಟೆಯ ದರಗಳಲ್ಲ.

## ಶುರುವಿನ ಪ್ರಶ್ನೆಗಳು

ನನಗೆ ಕಂಪ್ಯೂಟರ್ ವಿಷಯ ಏನೂ ಗೊತ್ತಿಲ್ಲ. ಇದನ್ನು ಬರೆಯುವುದು ಡೆವಲಪರ್‌ಗಳ ಕೆಲಸವೇ ಅಲ್ಲವೇ?

ಅಲ್ಲ. ಡೆವಲಪರ್‌ಗಳಿಗೆ ಗೊತ್ತಿರುವುದು ಸಾಫ್ಟ್‌ವೇರನ್ನು ಹೇಗೆ ಕಟ್ಟಬೇಕೆಂಬುದು; ಕಬ್ಬಿನ ಲೋಡು ಬಂದಾಗ ಯಾವ ತೂಕದ ಮೇಲೆ ಹಣ ಕೊಡುತ್ತೀರಿ, ಮುಂಗಡವನ್ನು ಯಾವಾಗ ಎಷ್ಟು ಮುರಿದುಕೊಳ್ಳುತ್ತೀರಿ, ಯಾರು ಒಪ್ಪಿದರೆ ಚೀಟಿ ತಿದ್ದಬಹುದು ಎಂಬುದು ಗೊತ್ತಿರುವುದು ನಿಮಗೆ ಮತ್ತು ನಿಮ್ಮ ರೈಟರಿಗೆ ಮಾತ್ರ. ನೀವು ಬರೆಯದೆ ಬಿಟ್ಟ ಜಾಗವನ್ನು ಡೆವಲಪರ್ ಖಾಲಿ ಬಿಡಲಾರರು, ಏಕೆಂದರೆ ಪ್ರೋಗ್ರಾಮಿಗೆ ಅಲ್ಲಿ ಏನಾದರೂ ಒಂದು ಉತ್ತರ ಬೇಕೇ ಬೇಕು. ಅವರು ತಮಗೆ ಸರಿಯೆನಿಸಿದ್ದನ್ನು ತುಂಬುತ್ತಾರೆ, ಮತ್ತು ಅದು ತಪ್ಪೆಂದು ನಿಮಗೆ ತಿಳಿಯುವುದು ಮೊದಲ ಬಟವಾಡೆಯ ದಿನ.

ನಾನು ಬರೆದ ಮೊದಲ ದಾಖಲೆಯಲ್ಲಿ ಹೀಗೇ ಆಯಿತು. "ರೈತರಿಗೆ ಕೊಟ್ಟ ಮುಂಗಡವನ್ನು ಕಬ್ಬಿನ ಹಣದಲ್ಲಿ ಕಳೆಯತಕ್ಕದ್ದು" ಎಂಬ ಒಂದೇ ಸಾಲು ಬರೆದಿದ್ದೆ. ತಂಡ ಆ ಸಾಲನ್ನು ಅಕ್ಷರಶಃ ಪಾಲಿಸಿತು. ಮೊದಲ ಲೋಡು ತಂದ ರೈತರೊಬ್ಬರ ಚೀಟಿಯಲ್ಲಿ ಇಡೀ ಹಣ ಮುಂಗಡಕ್ಕೆ ಹೋಗಿ, ಕೈಗೆ ಸೊನ್ನೆ ಎಂದು ಬಂತು. ಪುಸ್ತಕದ ಲೆಕ್ಕದಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ; ಮನೆ ಖರ್ಚಿಗೆ ಅರ್ಧ ಬಿಟ್ಟೇ ಮುರಿಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಬರೆದಿರಲಿಲ್ಲ, ನಾನೂ ಬರೆಯಲಿಲ್ಲ.

ಎಷ್ಟು ಪುಟ ಬರೆಯಬೇಕು? ಇದಕ್ಕೆ ನಿಗದಿಯಾದ ನಮೂನೆ ಇದೆಯೇ?

ಇಂಥ ಸಣ್ಣ ವ್ಯವಹಾರಕ್ಕೆ ಎಂಟರಿಂದ ಹತ್ತು ಪುಟ ಸಾಕು. ಅಗತ್ಯಗಳನ್ನು ಬರೆಯುವ ಬಗ್ಗೆ ಐಎಸ್ಒ/ಐಇಸಿ/ಐಇಇಇ 29148 ಎಂಬ ಅಂತರರಾಷ್ಟ್ರೀಯ ಮಾನಕವಿದೆ. 2011ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆಯಾಯಿತು. ಅದನ್ನು ಪೂರ್ತಿ ಓದುವ ಅಗತ್ಯ ನಿಮಗಿಲ್ಲ. ಒಂದೊಂದು ಅಗತ್ಯದ ಬಗ್ಗೆ ಅದು ಹೇಳುವುದರಲ್ಲಿ ಮೂರು ಗುಣಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ: ಒಂದು ವಾಕ್ಯದಲ್ಲಿ ಒಂದೇ ಅಗತ್ಯವಿರಬೇಕು, ಅದಕ್ಕೆ ಎರಡು ಅರ್ಥ ಬರಬಾರದು, ಮತ್ತು ಅದು ನೆರವೇರಿತೇ ಇಲ್ಲವೇ ಎಂದು ಪರೀಕ್ಷಿಸಿ ನೋಡುವಂತಿರಬೇಕು. ಪ್ರತಿ ಅಗತ್ಯಕ್ಕೂ ಒಂದು ಸಂಖ್ಯೆ ಕೊಡಿ. ಮುಂದೆ ಫೋನಿನಲ್ಲಿ ಮಾತನಾಡುವಾಗ "ಆ ತೂಕದ ವಿಷಯ" ಎನ್ನುವುದಕ್ಕಿಂತ "ನಿಯಮ 4" ಎಂದರೆ ಇಬ್ಬರೂ ಒಂದೇ ಸಾಲನ್ನು ನೋಡುತ್ತಿರುತ್ತೀರಿ.

ನಮಗೆ ಬೇಕಿರುವುದು ಒಂದು ಆಪ್. ಅದನ್ನೇ ಮೊದಲ ಸಾಲಿನಲ್ಲಿ ಬರೆದರೆ ತಪ್ಪೇ?

ಆಪ್ ಎಂಬುದು ಪರಿಹಾರ. ಮೊದಲ ಪುಟದಲ್ಲಿ ಇರಬೇಕಾದದ್ದು ತೊಂದರೆ. ನಮ್ಮ ಯಜಮಾನರು ಕೂಡ ಮೊದಲು "ರೈತರಿಗೆ ಮೊಬೈಲ್ ಆಪ್ ಬೇಕು" ಎಂದೇ ಹೇಳಿದ್ದರು. ಏತಕ್ಕೆ ಎಂದು ವಿಚಾರಿಸುತ್ತಾ ಹೋದಾಗ ಹೊರಬಂದ ಸಂಗತಿ ಬೇರೆಯೇ ಇತ್ತು. ಎರಡೂ ಆಲೆಮನೆಗಳಲ್ಲಿ ಬೇರೆ ಬೇರೆ ಪುಸ್ತಕಗಳಿದ್ದವು, ಒಬ್ಬ ರೈತ ಒಂದರಲ್ಲಿ ಮುಂಗಡ ಪಡೆದು ಇನ್ನೊಂದಕ್ಕೆ ಕಬ್ಬು ಹಾಕಿದರೆ ಬಾಕಿ ಮುರಿಯುವುದು ತಪ್ಪಿಹೋಗುತ್ತಿತ್ತು, ಮತ್ತು ಬಾಕಿ ಎಷ್ಟೆಂದು ಕೇಳಿ ಬಂದ ರೈತನಿಗೆ ಆ ಕ್ಷಣಕ್ಕೆ ಉತ್ತರ ಸಿಗುತ್ತಿರಲಿಲ್ಲ. ಈ ಮೂರು ಸಂಗತಿಗಳನ್ನು ಬರೆದುಕೊಟ್ಟ ಮೇಲೆ ಆಪಿನ ಮಾತೇ ಬಿಟ್ಟುಹೋಯಿತು. ಪ್ರತಿ ಚೀಟಿಯ ಕೆಳಗೆ ಉಳಿದ ಬಾಕಿಯನ್ನು ಮುದ್ರಿಸಿ, ಎರಡೂ ಕಡೆಯ ರೈಟರುಗಳಿಗೆ ಒಂದೇ ಖಾತೆ ಕಾಣುವಂತೆ ಮಾಡಿದರೆ ಸಾಕಾಗಿತ್ತು.

ಆದ್ದರಿಂದ ಮೊದಲ ಪುಟದಲ್ಲಿ ಈಗ ಕೆಲಸ ಹೇಗೆ ನಡೆಯುತ್ತಿದೆ, ಎಲ್ಲಿ ತಪ್ಪುತ್ತಿದೆ, ತಪ್ಪಿದಾಗ ನಷ್ಟ ಯಾರಿಗೆ ಎಂಬುದನ್ನು ಬರೆಯಿರಿ. ಜೊತೆಗೆ ಕೆಲಸದ ಪ್ರಮಾಣವನ್ನೂ ಹೇಳಿ: ದಿನಕ್ಕೆ ಐದಾರು ಲೋಡು, ಇಬ್ಬರು ರೈಟರುಗಳು, ಒಬ್ಬ ಯಜಮಾನರು, ಹದಿನೈದು ದಿನಕ್ಕೊಮ್ಮೆ ಬಟವಾಡೆ. ದಿನಕ್ಕೆ ಆರು ಚೀಟಿಯ ಕೆಲಸಕ್ಕೂ ಆರು ಸಾವಿರ ಚೀಟಿಯ ಕೆಲಸಕ್ಕೂ ತಂಡ ಮಾಡುವ ಏರ್ಪಾಡು ಬೇರೆ, ಕೇಳುವ ಹಣವೂ ಬೇರೆ.

## ನಿಯಮಗಳನ್ನು ಬರೆಯುವಾಗ

ತೂಕ ಗುಣಿಸು ದರ, ಅದರಲ್ಲಿ ಕೂಲಿ ಮತ್ತು ಮುಂಗಡ ಕಳೆ. ಇಷ್ಟು ಸರಳ ಲೆಕ್ಕವನ್ನೂ ಬಿಡಿಸಿ ಬರೆಯಬೇಕೆ?

ಬರೆಯಬೇಕು. ದಾಖಲೆಯ ಜೀವ ಇರುವುದೇ ಇಲ್ಲಿ, ಆದ್ದರಿಂದ ಒಂದು ಲೋಡನ್ನು ಹಿಡಿದು ಕೊನೆಯವರೆಗೂ ನೋಡೋಣ.

ಟ್ರ್ಯಾಕ್ಟರ್ ವೇಬ್ರಿಡ್ಜಿನಲ್ಲಿ ಕಬ್ಬಿನೊಡನೆ 9,240 ಕೆ.ಜಿ. ತೂಗಿತು, ಇಳಿಸಿದ ಮೇಲೆ ಖಾಲಿ ಗಾಡಿ 3,610 ಕೆ.ಜಿ. ತೂಗಿತು. ನಿವ್ವಳ 5,630 ಕೆ.ಜಿ. ಸೋಗೆ ಮತ್ತು ಮಣ್ಣಿನ ಬಾಬ್ತು ಶೇ. 2 ಕಳೆಯುವ ರೂಢಿ ಇದೆ. ಅದು 112.6 ಕೆ.ಜಿ. ಆಗುತ್ತದೆ, ಇದನ್ನು ಪೂರ್ಣ ಕಿಲೋಗೆ ತಂದು 113 ಎಂದು ಹಿಡಿದರೆ ಹಣ ಕೊಡುವ ತೂಕ 5,517 ಕೆ.ಜಿ. ದರ ಟನ್ನಿಗೆ 3,200 ರೂಪಾಯಿ, ಕಟಾವಿನ ಕೂಲಿ ಟನ್ನಿಗೆ 800 ರೂಪಾಯಿ, ರೈತನ ಹಳೆಯ ಮುಂಗಡ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಆಲೆಮನೆಯೇ ಕಟಾವಿನವರನ್ನು ಕಳಿಸಿದ್ದರಿಂದ ಅವರ ಕೂಲಿಯನ್ನು ರೈತನ ಹಣದಲ್ಲಿ ಹಿಡಿದು ಮೇಸ್ತ್ರಿಗೆ ಕೊಡಲಾಗುತ್ತದೆ.

```
ಕಬ್ಬಿನ ಹಣ      5.517 × 3,200    = 17,654.40
ಕಟಾವಿನ ಕೂಲಿ    5.517 × 800      =  4,413.60
ಕೂಲಿ ಕಳೆದು ಉಳಿದದ್ದು              = 13,240.80
ಮುಂಗಡಕ್ಕೆ       ಉಳಿದದ್ದರ ಅರ್ಧ      =  6,620
ರೈತನಿಗೆ         13,240.80 - 6,620 =  6,621
ಮುಂಗಡದ ಬಾಕಿ    20,000 - 6,620   = 13,380
```

ಈ ಆರು ಸಾಲಿನಲ್ಲಿ ಡೆವಲಪರ್ ತಾವಾಗಿ ಊಹಿಸಲಾರದ ತೀರ್ಮಾನಗಳು ಮೂರಿವೆ. ಕೂಲಿಯನ್ನು ಯಾವ ತೂಕದ ಮೇಲೆ ಕೊಡಬೇಕು ಎಂಬುದು ಮೊದಲನೆಯದು. ಸೋಗೆ ಕಳೆಯುವ ಮೊದಲಿನ 5,630 ಕೆ.ಜಿ.ಗೆ ಕೊಟ್ಟರೆ ಕೂಲಿ 4,504 ರೂಪಾಯಿ ಆಗುತ್ತದೆ, 90 ರೂಪಾಯಿ 40 ಪೈಸೆ ಹೆಚ್ಚು. ಯಜಮಾನರ ಮಾತು ಸ್ಪಷ್ಟವಾಗಿತ್ತು: ಸೋಗೆ ಸವರುವುದು ಕಟಾವಿನವರದೇ ಕೆಲಸ, ಆದ್ದರಿಂದ ಸೋಗೆಯ ತೂಕಕ್ಕೆ ಕೂಲಿ ಇಲ್ಲ. ಎರಡನೆಯದು, ಅರ್ಧ ಎಂದರೆ ಯಾವುದರ ಅರ್ಧ. ಕೂಲಿ ಕಳೆಯುವ ಮೊದಲಿನ 17,654.40ರಲ್ಲಿ ಅರ್ಧ ಮುರಿದರೆ ಮುಂಗಡಕ್ಕೆ 8,827 ಹೋಗಿ ರೈತನ ಕೈಗೆ ಬರುವುದು 4,414 ಮಾತ್ರ. ಒಂದೇ ಲೋಡಿನಲ್ಲಿ 2,207 ರೂಪಾಯಿ ವ್ಯತ್ಯಾಸ, ಅದೂ ಕಳೆಯುವ ಕ್ರಮವೊಂದರಿಂದ. ಮೂರನೆಯದು ಪೈಸೆಯ ವಿಷಯ. ಮುಂಗಡಕ್ಕೆ ಹೋಗುವ ಮೊತ್ತದಲ್ಲಿ ಪೈಸೆ ಬಿಟ್ಟುಬಿಡಬೇಕು, ರೈತನಿಗೆ ಕೊಡುವ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕು, ಹಾಗೆ ತಂದಾಗ ಆಚೀಚೆ ಆಗುವ ಪೈಸೆ (ಇಲ್ಲಿ 20 ಪೈಸೆ) ಒಂದು ಪ್ರತ್ಯೇಕ ಖಾತೆಗೆ ಹೋಗಬೇಕು. ಅದನ್ನು ಬರೆಯದಿದ್ದರೆ ವರ್ಷದ ಕೊನೆಯಲ್ಲಿ ಲೆಕ್ಕ ಪರಿಶೋಧಕರ ಮುಂದೆ ಜಮಾ ಖರ್ಚು ತಾಳೆಯಾಗುವುದಿಲ್ಲ.

ಹೀಗಾಗಿ ಪ್ರತಿ ನಿಯಮವನ್ನೂ ಒಂದು ವಾಕ್ಯದಲ್ಲಿ ಬರೆದು, ಅದರ ಕೆಳಗೆ ನಿಜವಾದ ಹಳೆಯ ಚೀಟಿಯೊಂದರ ಅಂಕಿಗಳನ್ನು ಇಟ್ಟು ಲೆಕ್ಕ ಬಿಡಿಸಿ ತೋರಿಸಿ. ವಾಕ್ಯಕ್ಕೂ ಅಂಕಿಗೂ ಹೊಂದಿಕೆಯಾಗದಿದ್ದರೆ ತಂಡದವರು ಕೂಡಲೇ ಕೇಳುತ್ತಾರೆ, ಮತ್ತು ಆ ಪ್ರಶ್ನೆ ಬರಬೇಕಾದ ಸಮಯವೂ ಅದೇ.

ಪರದೆ ಹೇಗಿರಬೇಕೆಂದು ಚಿತ್ರ ಬರೆದುಕೊಟ್ಟರೆ ಸಾಕಾಗುವುದಿಲ್ಲವೇ?

ಚಿತ್ರ ಇದ್ದರೆ ಒಳ್ಳೆಯದೇ, ಆದರೆ ಅದು ನಿಯಮದ ಬದಲಿಗೆ ನಿಲ್ಲುವುದಿಲ್ಲ. ಚಿತ್ರದಲ್ಲಿ "ಮುಂಗಡ" ಎಂಬ ಚೌಕ ಕಾಣುತ್ತದೆ. ಅದರಲ್ಲಿ ಬರುವ ಅಂಕಿಯನ್ನು ರೈಟರು ಬದಲಿಸಬಹುದೇ ಎಂಬುದು ಕಾಣುವುದಿಲ್ಲ. ನೀವು ಈಗ ಬಳಸುತ್ತಿರುವ ಕೈಬರಹದ ಚೀಟಿ ಮತ್ತು ಖಾತೆ ಪುಸ್ತಕದ ಎರಡು ಪುಟಗಳ ಫೋಟೊ ಲಗತ್ತಿಸಿ. ಹೊಡೆದು ತಿದ್ದಿದ ಪುಟ, ಅಂಚಿನಲ್ಲಿ ಟಿಪ್ಪಣಿ ಬರೆದ ಪುಟಗಳನ್ನೇ ಆರಿಸಿ ಕೊಡಿ, ಏಕೆಂದರೆ ಬರೆಯದೆ ಉಳಿದ ನಿಯಮಗಳೆಲ್ಲ ಆ ಅಂಚಿನಲ್ಲೇ ಇರುತ್ತವೆ.

"ಬೇಗ ಕೆಲಸ ಮಾಡಬೇಕು, ಬಳಸಲು ಸುಲಭವಾಗಿರಬೇಕು" ಎಂದು ಬರೆದಿದ್ದೆ. ತಂಡದವರು ಅದನ್ನು ವಾಪಸ್ ಕಳಿಸಿದರು. ಏಕೆ?

ಅದನ್ನು ಪರೀಕ್ಷಿಸಲು ಬರುವುದಿಲ್ಲ, ಅದಕ್ಕೆ. "ವೇಬ್ರಿಡ್ಜಿನ ಎರಡು ತೂಕಗಳು ಕೈಯಲ್ಲಿದ್ದರೆ, ಒಂದು ದಿನ ಕಲಿತ ರೈಟರು ಎರಡು ನಿಮಿಷದೊಳಗೆ ಚೀಟಿ ಮುದ್ರಿಸಬಲ್ಲವರಾಗಿರಬೇಕು" ಎಂದು ಬರೆದರೆ ಗಡಿಯಾರ ಹಿಡಿದು ನೋಡಬಹುದು. ಹಾಗೆಯೇ "ಇಂಟರ್ನೆಟ್ ಇಲ್ಲದಿದ್ದರೂ ಚೀಟಿ ಮುದ್ರಣವಾಗಬೇಕು, ಸಂಪರ್ಕ ಬಂದ ಮೇಲೆ ಎರಡೂ ಆಲೆಮನೆಗಳ ಖಾತೆ ತಾನಾಗಿ ಒಂದಾಗಬೇಕು, ಒಂದೇ ಸಂಖ್ಯೆಯ ಎರಡು ಚೀಟಿ ಎಂದೂ ಆಗಬಾರದು" ಎಂಬುದನ್ನು ಮೂರು ಬೇರೆ ಬೇರೆ ಅಗತ್ಯಗಳಾಗಿ ಬರೆಯಿರಿ. ಅದನ್ನು ಹೇಗೆ ಸಾಧಿಸಬೇಕೆಂಬುದು ತಂಡಕ್ಕೆ ಬಿಟ್ಟದ್ದು.

ಆದರೆ ಇಲ್ಲಿ ವ್ಯವಹಾರದವರೇ ಹೇಳಬೇಕಾದ ಒಂದು ಮಾತಿದೆ. ಸಂಪರ್ಕವಿಲ್ಲದ ಹೊತ್ತಿನಲ್ಲಿ ಒಬ್ಬನೇ ರೈತನ ಎರಡು ಲೋಡು ಎರಡು ಕಡೆ ಬಂದರೆ, ಎರಡೂ ಕಂಪ್ಯೂಟರುಗಳು ಹಳೆಯ ಬಾಕಿಯನ್ನೇ ನೋಡಿ ಮುಂಗಡ ಮುರಿಯುತ್ತವೆ ಮತ್ತು ಬಾಕಿಗಿಂತ ಹೆಚ್ಚು ಮುರಿದುಹೋಗಬಹುದು. ಹಾಗಾದಾಗ ಹೆಚ್ಚಿನ ಹಣವನ್ನು ಮುಂದಿನ ಬಟವಾಡೆಯಲ್ಲಿ ರೈತನಿಗೆ ಸೇರಿಸಿ ಕೊಡಬೇಕೇ, ಯಜಮಾನರಿಗೆ ಎಚ್ಚರಿಕೆ ಹೋಗಬೇಕೇ ಎಂಬುದು ನಿಮ್ಮ ತೀರ್ಮಾನ.

ಚೀಟಿ ಕನ್ನಡದಲ್ಲೇ ಬರಬೇಕು. "ಕನ್ನಡದಲ್ಲಿರಬೇಕು" ಎಂದು ಬರೆದರೆ ಸಾಲದೇ?

ಸಾಲದು. ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡದ ಅಕ್ಷರಗಳು ಒಳಗೇ ಇರುವುದಿಲ್ಲ. ಚೀಟಿಯನ್ನು ಚಿತ್ರದಂತೆ ಮಾಡಿ ಕಳಿಸಬೇಕಾಗುತ್ತದೆ, ಅದು ತಂಡದ ಕೆಲಸ ಮತ್ತು ಸಮಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ನಿಮ್ಮಲ್ಲಿರುವ ಪ್ರಿಂಟರಿನ ಮಾದರಿಯನ್ನು ದಾಖಲೆಯಲ್ಲಿ ಹೇಳಿ, ಮತ್ತು ಪರೀಕ್ಷೆಗೆ ಒತ್ತಕ್ಷರ ಹೆಚ್ಚಿರುವ ಹೆಸರುಗಳನ್ನೇ ಕೊಡಿ: "ಶ್ರೀರಂಗಪಟ್ಟಣ", "ಲಕ್ಷ್ಮಮ್ಮ" ಸರಿಯಾಗಿ ಮೂಡಿದರೆ ಉಳಿದವೂ ಮೂಡುತ್ತವೆ ಎಂದು ನಂಬಬಹುದು. ಅಂಕಿಗಳು 1, 2, 3 ಎಂದಿರಬೇಕೇ ೧, ೨, ೩ ಎಂದಿರಬೇಕೇ ಎಂಬುದನ್ನೂ ತಿಳಿಸಿ.

ರೈತರ ಪಟ್ಟಿಯನ್ನು ಯಾರಾದರೂ ಹಿಂದೆ ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದರೆ ಅದನ್ನು ಯುನಿಕೋಡಿಗೆ ಪರಿವರ್ತಿಸಿ ಹೆಸರು ಹೆಸರಾಗಿ ನೋಡಬೇಕು. ಆ ನೋಡುವ ಕೆಲಸ ಯಾರದು ಎಂದು ಈಗಲೇ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಅದು ಊರಿನವರ ಪರಿಚಯವಿರುವ ರೈಟರದೇ ಆಗಿರಬೇಕು.

## ಇನ್ನೂ ಮುಂದಿನ ಪ್ರಶ್ನೆಗಳು

ವಾಡಿಕೆಗೆ ಹೊರತಾದ ಸಂದರ್ಭಗಳು ಲೆಕ್ಕವಿಲ್ಲದಷ್ಟಿವೆ. ಎಲ್ಲವನ್ನೂ ಬರೆಯುತ್ತಾ ಕೂತರೆ ಮುಗಿಯುವುದು ಯಾವಾಗ?

ಊಹಿಸಿ ಬರೆಯಲು ಹೊರಟರೆ ಮುಗಿಯುವುದಿಲ್ಲ. ಕಳೆದ ಮೂರು ತಿಂಗಳ ಪುಸ್ತಕ ತೆಗೆದು, ರೈಟರ ಪಕ್ಕದಲ್ಲಿ ಕುಳಿತು, ವಾಡಿಕೆಯಂತೆ ಇಲ್ಲದ ಪ್ರತಿ ಚೀಟಿಯನ್ನೂ "ಇದು ಹೀಗೇಕಾಯಿತು?" ಎಂದು ಕೇಳಿ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದಾಗ ಸಿಕ್ಕಿದ ಬಗೆಗಳು ಐದೇ. ಒಂದೇ ಟ್ರಾಲಿಯಲ್ಲಿ ಅಣ್ಣತಮ್ಮಂದಿರಿಬ್ಬರ ಕಬ್ಬು ಬಂದು, ತೂಕವನ್ನು ಅವರು ಹೇಳಿದಂತೆ ಹಂಚಿದ್ದು ಒಂದು. ವಾರಕ್ಕೆ ಮಾಡಿದ ಜಮೀನಿನ ಹಣ ಸಾಗುವಳಿ ಮಾಡಿದವನಿಗೆ ಅರ್ಧ, ಜಮೀನಿನ ಒಡೆಯನಿಗೆ ಅರ್ಧ ಹೋದದ್ದು ಇನ್ನೊಂದು. ಇದರಲ್ಲಿ ಮುಂಗಡ ಯಾರ ಪಾಲಿನಲ್ಲಿ ಮುರಿಯಬೇಕೆಂಬುದಕ್ಕೆ ಇಬ್ಬರು ರೈಟರುಗಳು ಬೇರೆ ಬೇರೆ ಉತ್ತರ ಕೊಟ್ಟರು, ಯಜಮಾನರೇ ಕುಳಿತು ತೀರ್ಮಾನಿಸಬೇಕಾಯಿತು. ಖಾಲಿ ಗಾಡಿ ತೂಗಿಸದೆ ಟ್ರ್ಯಾಕ್ಟರ್ ಹೊರಟುಹೋದದ್ದು, ಕಬ್ಬು ಸುಟ್ಟಿದ್ದರಿಂದ ದರ ಇಳಿಸಿದ್ದು, ರೈತನೇ ಕಟಾವು ಮಾಡಿಸಿಕೊಂಡಿದ್ದರಿಂದ ಕೂಲಿ ಹಿಡಿಯದೇ ಇದ್ದದ್ದು ಉಳಿದವು.

ಈ ಪ್ರತಿಯೊಂದಕ್ಕೂ ಮೂರು ಉತ್ತರಗಳಲ್ಲಿ ಒಂದನ್ನು ಬರೆದರೆ ಸಾಕು: ಸಾಫ್ಟ್‌ವೇರ್ ಇದನ್ನು ತಾನೇ ಲೆಕ್ಕ ಹಾಕಬೇಕು, ಅಥವಾ ಯಜಮಾನರ ಒಪ್ಪಿಗೆ ಕೇಳಬೇಕು, ಅಥವಾ ತಡೆದು ನಿಲ್ಲಿಸಬೇಕು. ಖಾಲಿ ಗಾಡಿಯ ತೂಕವಿಲ್ಲದಿದ್ದರೆ ತಡೆದು ನಿಲ್ಲಿಸುವುದೇ ಸರಿ, ಹಿಂದಿನ ಸಲದ ಖಾಲಿ ತೂಕ ಹಾಕಿಕೊಳ್ಳಲು ಬಿಡಬಾರದು. ಒಂದೇ ಟ್ರ್ಯಾಕ್ಟರ್ ಬೇರೆ ಟ್ರಾಲಿ ಕಟ್ಟಿಕೊಂಡು ಬರುವುದು ಇಲ್ಲಿ ದಿನನಿತ್ಯದ ಸಂಗತಿ.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ಹೆಸರು, ತಂದೆಯ ಹೆಸರು, ಊರು ಈ ಮೂರೂ ಸೇರಿ ಪರದೆಯಲ್ಲಿ ಒಟ್ಟಿಗೆ ಕಾಣಬೇಕೆಂದು ಬರೆಯದಿದ್ದರೆ ಒಬ್ಬರ ಕಬ್ಬಿನ ಹಣ ಇನ್ನೊಬ್ಬರ ಮುಂಗಡಕ್ಕೆ ಹೋಗುತ್ತದೆ.

ತಪ್ಪಾದ ಚೀಟಿಯನ್ನು ತಿದ್ದುವ ಅಧಿಕಾರ ಯಾರಿಗೆ ಕೊಡಬೇಕು?

ಮುದ್ರಣವಾದ ಚೀಟಿಯನ್ನು ಯಾರೂ ತಿದ್ದಲಾಗಬಾರದು, ಅಳಿಸಲೂ ಆಗಬಾರದು. ರೈತನ ಕೈಯಲ್ಲಿ ಒಂದು ಕಾಗದವಿದ್ದು ಕಂಪ್ಯೂಟರಿನಲ್ಲಿ ಬೇರೆ ಅಂಕಿ ಇದ್ದರೆ ನಂಬಿಕೆ ಉಳಿಯುವುದಿಲ್ಲ. ತಪ್ಪಿದ್ದರೆ ರೈಟರು ರದ್ದತಿಗೆ ಕೋರಬೇಕು, ಯಜಮಾನರು ಕಾರಣ ನೋಡಿ ಒಪ್ಪಬೇಕು, ಹಳೆಯ ಚೀಟಿಯ ಸಂಖ್ಯೆಯನ್ನು ಹೊತ್ತ ಹೊಸ ಚೀಟಿ ಬರಬೇಕು. ರದ್ದಾದಾಗ ಮುರಿದ ಮುಂಗಡ ಮತ್ತೆ ಬಾಕಿಗೆ ಸೇರಬೇಕೆಂಬುದನ್ನು ಮರೆಯದೆ ಬರೆಯಿರಿ. ರೈತರ ಬ್ಯಾಂಕ್ ಖಾತೆಯ ಸಂಖ್ಯೆ ಯಾರ ಪರದೆಯಲ್ಲಿ ಕಾಣಬೇಕು ಎಂಬುದೂ ಇದೇ ಭಾಗಕ್ಕೆ ಸೇರುತ್ತದೆ. ಬಟವಾಡೆ ಮಾಡುವವರನ್ನು ಬಿಟ್ಟು ಬೇರೆಯವರಿಗೆ ಅದರ ಅಗತ್ಯವಿಲ್ಲ.

ಎಲ್ಲವೂ ಮುಖ್ಯವೇ. ಯಾವುದನ್ನು ಮೊದಲಿಗೆ, ಯಾವುದನ್ನು ಆಮೇಲೆ ಎಂದು ಹೇಗೆ ಬರೆಯುವುದು?

ಪ್ರತಿ ಅಗತ್ಯದ ಮುಂದೆಯೂ "ಇದಿಲ್ಲದೆ ಮೊದಲ ಬಟವಾಡೆ ಮಾಡಬಹುದೇ?" ಎಂದು ಕೇಳಿಕೊಳ್ಳಿ. ಮಾಡಲಾಗದಿದ್ದರೆ "ಬೇಕೇ ಬೇಕು" ಎಂದು ಬರೆಯಿರಿ. ಪುಸ್ತಕದಲ್ಲಿ ಬರೆದು ನಿಭಾಯಿಸಬಹುದಾದರೆ "ಇದ್ದರೆ ಒಳ್ಳೆಯದು" ಎಂದು ಬರೆಯಿರಿ. ಇವೆರಡಕ್ಕಿಂತ ಹೆಚ್ಚಿನ ಗಮನ ಬೇಡುವುದು "ಈಗ ಬೇಡ" ಎಂಬ ಪಟ್ಟಿ, ಮತ್ತು ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲ. ನಮ್ಮ ದಾಖಲೆಯಲ್ಲಿ ಬೆಲ್ಲದ ಮಾರಾಟ, ಕೊಪ್ಪರಿಗೆ ಕೆಲಸದವರ ಹಾಜರಿ, ವೇಬ್ರಿಡ್ಜಿನಿಂದ ತೂಕ ನೇರವಾಗಿ ಕಂಪ್ಯೂಟರಿಗೆ ಬರುವುದು, ಈ ಮೂರನ್ನೂ ಹೆಸರಿಸಿ ಹೊರಗಿಟ್ಟೆವು. ಮೂರನೆಯದನ್ನು ತಂಡದವರೇ ಉತ್ಸಾಹದಿಂದ ಸೂಚಿಸಿದ್ದರು. ವೇಬ್ರಿಡ್ಜ್ ರಸ್ತೆ ಬದಿಯ ಬೇರೊಬ್ಬರದು, ಅಲ್ಲಿಂದ ಬರುವುದು ಕಾಗದದ ಚೀಟಿ ಎಂಬುದು ಅವರಿಗೆ ತಿಳಿದಿರಲಿಲ್ಲ.

ಕೆಲಸ ಮುಗಿಯಿತು ಎಂದು ತಂಡ ಹೇಳಿದಾಗ, ಅದು ನಿಜವಾಗಿ ಮುಗಿದಿದೆಯೇ ಎಂದು ತಿಳಿಯುವುದು ಹೇಗೆ?

ಅದನ್ನು ದಾಖಲೆಯಲ್ಲೇ ಮೊದಲು ಬರೆದಿಟ್ಟುಕೊಳ್ಳಬೇಕು. ಇಂಥ ಸ್ಥಿತಿಯಿದ್ದು, ಇಂಥದ್ದು ಮಾಡಿದರೆ, ಇಂಥ ಫಲ ಬರಬೇಕು ಎಂಬ ಮೂರು ಭಾಗದ ವಾಕ್ಯ ಇದಕ್ಕೆ ಸರಿಹೋಗುತ್ತದೆ. ಮೇಲಿನ ಲೋಡನ್ನೇ ಇಟ್ಟುಕೊಂಡು, ಒಂದೊಂದು ಸಂಗತಿಯನ್ನು ಮಾತ್ರ ಬದಲಿಸಿ ಉತ್ತರವನ್ನು ನೀವೇ ಕೈಯಲ್ಲಿ ಲೆಕ್ಕ ಹಾಕಿ ಬರೆದಿಡಿ. ಮುಂಗಡದ ಬಾಕಿ 1,500 ಮಾತ್ರ ಇದ್ದರೆ ಅಷ್ಟನ್ನೇ ಮುರಿದು ರೈತನಿಗೆ 11,741 ಬರಬೇಕು, ಅರ್ಧದ ನಿಯಮ ಇಲ್ಲಿ ಕೆಲಸ ಮಾಡಬಾರದು. ರೈತನೇ ಕಟಾವು ಮಾಡಿಸಿದ್ದರೆ ಮುಂಗಡಕ್ಕೆ 8,827, ರೈತನಿಗೂ 8,827 ಬಂದು, ಬಾಕಿ 11,173 ಉಳಿಯಬೇಕು. ಖಾಲಿ ಗಾಡಿಯ ತೂಕ ಬಿಟ್ಟರೆ ಚೀಟಿ ಬರಲೇಬಾರದು. ಖಾಲಿ ತೂಕವನ್ನು ತುಂಬಿದ ತೂಕಕ್ಕಿಂತ ಹೆಚ್ಚಾಗಿ ಬರೆದರೂ ಬರಬಾರದು.

ಇವೆಲ್ಲ ಸರಿಬಂದ ಮೇಲೂ ಒಂದು ಪೂರ್ತಿ ಬಟವಾಡೆಯ ಅವಧಿ, ಅಂದರೆ ಹದಿನೈದು ದಿನ, ಪುಸ್ತಕ ಮತ್ತು ಕಂಪ್ಯೂಟರ್ ಎರಡೂ ಜೊತೆಜೊತೆಯಾಗಿ ನಡೆಯಲಿ. ರೈಟರಿಗೆ ಇದು ಇಮ್ಮಡಿ ಕೆಲಸ, ಅವರು ಬೇಸರಿಸುತ್ತಾರೆ; ಆದ್ದರಿಂದ ಆ ದಿನಗಳಿಗೆ ಸಹಾಯಕ್ಕೆ ಒಬ್ಬರನ್ನು ಇಡುವುದಾಗಿ ದಾಖಲೆಯಲ್ಲೇ ಬರೆಯುವುದು ನ್ಯಾಯ. ಪ್ರತಿ ರೈತನ ಮೊತ್ತವೂ ಬಾಕಿಯೂ ರೂಪಾಯಿಗೆ ರೂಪಾಯಿ ತಾಳೆಯಾದ ಮೇಲೆ ಸಹಿ ಹಾಕಿ. ತಾಳೆಯಾಗದ ಕಡೆಯೆಲ್ಲ ತಪ್ಪು ಕಂಪ್ಯೂಟರಿನದೇ ಎಂದು ತಿಳಿಯಬೇಡಿ, ಪುಸ್ತಕದ ಕೂಡುವಿಕೆಯನ್ನೂ ಮತ್ತೊಮ್ಮೆ ನೋಡಿ.

ಕೆಲಸ ನಡೆಯುತ್ತಿರುವಾಗಲೇ ನಿಯಮ ಬದಲಾದರೆ ಏನು ಮಾಡಬೇಕು? ಕಬ್ಬಿನ ದರವಂತೂ ವಾರಕ್ಕೊಮ್ಮೆ ಬದಲಾಗುತ್ತದೆ.

ಇಲ್ಲಿ ಎರಡು ಬಗೆಯ ಬದಲಾವಣೆಗಳಿವೆ. ದರ, ಕೂಲಿ, ಸೋಗೆಯ ಶೇಕಡಾವಾರು ಇವು ಬದಲಾಗುತ್ತವೆಂದು ನಿಮಗೆ ಮೊದಲೇ ಗೊತ್ತು. ಇವುಗಳನ್ನು ಯಜಮಾನರು ತಾವೇ ಬದಲಿಸುವಂತಿರಬೇಕು ಮತ್ತು ಪ್ರತಿ ದರಕ್ಕೂ ಅದು ಜಾರಿಗೆ ಬರುವ ದಿನಾಂಕ ಇರಬೇಕೆಂದು ಬರೆಯಿರಿ. ಜೊತೆಗೆ ಚೀಟಿಗೆ ಹಿಡಿಯಬೇಕಾದ ದರ ಕಬ್ಬು ತೂಗಿದ ದಿನದ್ದೋ, ಬಟವಾಡೆಯ ದಿನದ್ದೋ ಎಂಬುದನ್ನು ಹೇಳಿ. ನಮ್ಮ ಯಜಮಾನರು ತೂಗಿದ ದಿನದ್ದು ಎಂದರು. ಸೋಮವಾರ ತೂಗಿದ ಲೋಡಿನ ಚೀಟಿಯನ್ನು ಬುಧವಾರ ರದ್ದುಮಾಡಿ ಮತ್ತೆ ಬರೆದರೂ ಸೋಮವಾರದ ದರವೇ ಬರಬೇಕು. ಇದನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿದೆವು.

ಅರ್ಧದ ಬದಲು ಮೂರನೇ ಒಂದು ಭಾಗ ಮುಂಗಡ ಮುರಿಯಬೇಕು ಎಂಬಂಥದ್ದು ಎರಡನೆಯ ಬಗೆ, ಅಂದರೆ ನಿಯಮವೇ ಬದಲಾಗುವುದು. ಅದನ್ನು ಫೋನಿನಲ್ಲಿ ಅಥವಾ ವಾಟ್ಸಾಪ್ ಸಂದೇಶದಲ್ಲಿ ಹೇಳಿ ಬಿಡಬೇಡಿ. ದಾಖಲೆಯಲ್ಲಿ ಆ ನಿಯಮದ ಸಂಖ್ಯೆಯನ್ನು ಹಾಗೆಯೇ ಉಳಿಸಿ, ಹೊಸ ವಾಕ್ಯ, ದಿನಾಂಕ, ಹೇಳಿದವರ ಹೆಸರು ಬರೆದು, ಕೆಳಗಿನ ಲೆಕ್ಕದ ಉದಾಹರಣೆಯನ್ನೂ ಹೊಸದಾಗಿ ಬಿಡಿಸಿ, ಆವೃತ್ತಿಯ ಸಂಖ್ಯೆ ಏರಿಸಿ ತಂಡಕ್ಕೆ ಕಳಿಸಿ. ಅದಕ್ಕೆ ಹಿಡಿಯುವ ದಿನ ಮತ್ತು ಹಣವನ್ನು ಅವರು ಬರೆದು ತಿಳಿಸಿದ ಮೇಲೆ, ಈಗಲೇ ಬೇಕೇ ಮುಂದಿನ ಹಂತಕ್ಕೆ ಇರಲೇ ಎಂದು ಯಜಮಾನರು ತೀರ್ಮಾನಿಸಲಿ.